37ನೇ ಗಂಟೆ: ಒಂದೇ ಮನೆ, ಒಂದೇ ಫ್ಲೂ, ಮೂರು ನಿರ್ಧಾರ

ಇದು ಒಬ್ಬ ನಿರ್ದಿಷ್ಟ ರೋಗಿಯ ಕಡತದಿಂದ ಎತ್ತಿಕೊಂಡದ್ದಲ್ಲ. ಫ್ಲೂ ಹಬ್ಬಿರುವ ದಿನಗಳಲ್ಲಿ ಯಾವ ಕ್ಲಿನಿಕ್ಕಿನಲ್ಲಾದರೂ ಕಾಣುವ ಸಂಗತಿಗಳನ್ನು ಒಂದು ಮನೆಯೊಳಗೆ ತಂದು, ಅಭ್ಯಾಸಕ್ಕೆಂದು ಕಟ್ಟಿದ ಪ್ರಕರಣ. ಡೋಸು, ಲೆಕ್ಕ, ಸಂಶೋಧನೆಯ ಅಂಕಿ ಮಾತ್ರ ನಿಜವಾದವು.

ಬುಧವಾರ ಬೆಳಿಗ್ಗೆ 10 ಗಂಟೆಗೆ ಕ್ಲಿನಿಕ್ಕಿಗೆ ಬಂದವರು ಮೂವರು. ತಾಯಿಗೆ 68 ವರ್ಷ, ತೂಕ 54 ಕಿಲೋ. ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ, ಮೂರು ವರ್ಷದ ಹಿಂದೆ ಒಂದು ಹೃದಯಾಘಾತ. ಜೊತೆಗೆ 40 ವರ್ಷದ ಮಗ, ಬೇರೆ ಯಾವ ಕಾಯಿಲೆಯೂ ಇಲ್ಲದವನು. ಸೊಸೆ ಆರು ತಿಂಗಳ ಗರ್ಭಿಣಿ. ಮೊದಲು ಮಲಗಿದ್ದು ಮಗ. ಭಾನುವಾರ ಸಂಜೆ 6ರ ಹೊತ್ತಿಗೆ ಜ್ವರ, ಮೈಕೈ ನೋವು. ತಾಯಿಗೆ ಸೋಮವಾರ ರಾತ್ರಿ ಶುರುವಾಯಿತು. ಸೊಸೆಗೆ ಈವರೆಗೆ ಏನೂ ಇಲ್ಲ.

ತಾಯಿ ಇನ್ನೂ ಬೇಗ ಬರಬಹುದಿತ್ತು. ಬಾರದಿರಲು ಎರಡು ಕಾರಣ. ಮಂಗಳವಾರ ಬೆಳಿಗ್ಗೆ ಪ್ಯಾರಸಿಟಮಾಲ್ ನುಂಗಿದ ಮೇಲೆ ಜ್ವರ ಇಳಿದು, ಮಧ್ಯಾಹ್ನ ಎದ್ದು ಓಡಾಡಿದ್ದರಿಂದ ಮನೆಯವರಿಗೆ "ವಾಸಿಯಾಗ್ತಾ ಇದೆ" ಅನ್ನಿಸಿತು. ಜ್ವರ ಇಳಿಸುವ ಮಾತ್ರೆ ಥರ್ಮಾಮೀಟರಿನ ಅಂಕಿಯನ್ನು ಇಳಿಸುತ್ತದೆಯೇ ಹೊರತು ವೈರಸ್ಸಿನ ತಂಟೆಗೆ ಹೋಗುವುದಿಲ್ಲ. ಎರಡನೆಯದು, "ಮೂರು ದಿನ ನೋಡೋಣ, ಇಳಿಯದಿದ್ದರೆ ಡಾಕ್ಟರ ಹತ್ತಿರ ಹೋಗೋಣ" ಎಂಬ ಹಳೇ ರೂಢಿ. ಬಹಳಷ್ಟು ಜ್ವರಗಳಿಗೆ ಅದು ತಪ್ಪೇನಲ್ಲ. ಫ್ಲೂ ವಿಷಯದಲ್ಲಿ, ಅದೂ ಇಂಥ ಹಿನ್ನೆಲೆಯವರಲ್ಲಿ, ಔಷಧಿಗೆ ಹೆಚ್ಚು ಕೆಲಸವಿರುವುದೇ ಆ ಮೂರು ದಿನಗಳಲ್ಲಿ.

ಗಡಿಯಾರ ಯಾವಾಗ ಶುರು?

ಫ್ಲೂ ಔಷಧಿಯನ್ನು ಲಕ್ಷಣ ಶುರುವಾದ ಎರಡು ದಿನದೊಳಗೆ, ಅಂದರೆ 48 ಗಂಟೆಯೊಳಗೆ ಶುರು ಮಾಡಬೇಕು ಎಂಬುದು ವಾಡಿಕೆಯ ಮಾತು. ಅದಕ್ಕೇ ಗಂಟೆಯ ಎಣಿಕೆ. ಎಷ್ಟು ದಿನದಿಂದ ಜ್ವರ ಎಂದು ಕೇಳಿದಾಗ ತಾಯಿ ಹೇಳಿದ್ದು "ನಿನ್ನೆಯಿಂದ". ಮಗ ಹೇಳಿದ್ದು "ಮೂರು ದಿನ ಆಯ್ತು". ಇಬ್ಬರದೂ ಸುಳ್ಳಲ್ಲ, ಎಣಿಸುವ ರೀತಿ ಬೇರೆ. ಅವರು ಜ್ವರ ಏರಿದ ದಿನವನ್ನು ಹಿಡಿದರು, ಇವನು ಮನೆಗೆ ಕಾಯಿಲೆ ಕಾಲಿಟ್ಟ ದಿನವನ್ನು. ಹಾಗಾಗಿ ಪ್ರಶ್ನೆಯನ್ನೇ ಬದಲಿಸಬೇಕಾಯಿತು.

"ಅಮ್ಮಾ, ಸೋಮವಾರ ರಾತ್ರಿ ಊಟ ಮಾಡಿದ್ರಾ? ಆಗ ಮೈ ಹೇಗಿತ್ತು?"

"ಊಟ ಸರಿಯಾಗೇ ಮಾಡ್ದೆ. ಆಮೇಲೆ ಪಾತ್ರೆ ಎತ್ತಿಡೋವಾಗ ಬೆನ್ನಲ್ಲಿ ಚಳಿ ಹತ್ತಿತು ನೋಡಿ. ಎರಡು ಹೊದಿಕೆ ಹೊದ್ದರೂ ನಡುಕ ನಿಲ್ಲಲಿಲ್ಲ."

ಅದು ರಾತ್ರಿ 9ರ ಸುಮಾರು. ಬುಧವಾರ ಬೆಳಿಗ್ಗೆ 10ಕ್ಕೆ ಅಲ್ಲಿಂದ 37 ಗಂಟೆ. ಫ್ಲೂ ಹೆಚ್ಚಿನವರಲ್ಲಿ ಹೀಗೆ ಗಂಟೆ ಗುರುತಿಟ್ಟು ಹೇಳುವಷ್ಟು ಥಟ್ಟನೆ ಹತ್ತುತ್ತದೆ, ಅದೇ ಅದರ ಒಂದು ಲಕ್ಷಣ. ಆದ್ದರಿಂದ "ಎಷ್ಟು ದಿನ" ಎನ್ನುವುದಕ್ಕಿಂತ "ಏನು ಮಾಡುತ್ತಿದ್ದಾಗ" ಎಂದು ಕೇಳಿದರೆ ಉತ್ತರ ನಿಖರವಾಗಿ ಸಿಗುತ್ತದೆ. ಎಣಿಕೆ ಮೊದಲ ಲಕ್ಷಣದಿಂದಲೇ ಆಗಬೇಕು. ಜ್ವರ ಗರಿಷ್ಠಕ್ಕೆ ಏರಿದ ಹೊತ್ತಿನಿಂದಲೂ ಅಲ್ಲ, ಪರೀಕ್ಷೆಯ ಫಲಿತಾಂಶ ಬಂದ ಹೊತ್ತಿನಿಂದಲೂ ಅಲ್ಲ.

ಪರೀಕ್ಷಿಸಿದಾಗ ಜ್ವರ 39.1 ಡಿಗ್ರಿ ಸೆಲ್ಸಿಯಸ್, ನಾಡಿ 108, ಉಸಿರು ನಿಮಿಷಕ್ಕೆ 22, ಆಮ್ಲಜನಕ ಮಟ್ಟ 95. ಎದೆಯಲ್ಲಿ ಹೆಚ್ಚಿನ ಸದ್ದಿಲ್ಲ. ಇಸಿಜಿ ಹಳೆಯದರಂತೆಯೇ ಇತ್ತು. ಆಸ್ಪತ್ರೆಗೆ ಸೇರಿಸುವಷ್ಟು ಕೆಟ್ಟಿರಲಿಲ್ಲ.

ನೆಗೆಟಿವ್ ಬಂದ ಪರೀಕ್ಷೆ

ಮೂಗಿನ ಸ್ವಾಬಿನಿಂದ ಹದಿನೈದು ನಿಮಿಷದಲ್ಲಿ ಫಲಿತಾಂಶ ಕೊಡುವ ರ‍್ಯಾಪಿಡ್ ಆಂಟಿಜೆನ್ ಪರೀಕ್ಷೆ ಮಾಡಿದರು. ನೆಗೆಟಿವ್. ಮಗನಿಗೆ ಸಮಾಧಾನವಾಯಿತು. "ಹಾಗಾದ್ರೆ ಫ್ಲೂ ಅಲ್ಲ, ಬರೀ ಜ್ವರ?"

ಇಲ್ಲಿ ಎಡವುವವರು ಬಹಳ. ಈ ಬಗೆಯ ಪರೀಕ್ಷೆ ಫ್ಲೂ ಇರುವ ನೂರು ಜನರಲ್ಲಿ 50ರಿಂದ 70 ಮಂದಿಯನ್ನಷ್ಟೇ ಹಿಡಿಯುತ್ತದೆ. ಪಾಸಿಟಿವ್ ಬಂದರೆ ನಂಬಬಹುದು, ನೆಗೆಟಿವ್ ಬಂದರೆ ಸಾಲದು. ಈ ಮನೆಯ ಲೆಕ್ಕವನ್ನೇ ಹಾಕೋಣ. ಫ್ಲೂ ಹಬ್ಬಿರುವ ಕಾಲ, ಮನೆಯಲ್ಲಿ ಆಗಲೇ ಒಬ್ಬನಿಗೆ ಅದೇ ಲಕ್ಷಣ, ಥಟ್ಟನೆ ಬಂದ ಚಳಿಜ್ವರ, ಒಣಕೆಮ್ಮು. ಇಂಥ ನೂರು ಜನರಲ್ಲಿ 60 ಮಂದಿಗೆ ಫ್ಲೂ ಇದೆ ಎಂದು ಇಟ್ಟುಕೊಳ್ಳಿ. ಪರೀಕ್ಷೆ ಆ 60ರಲ್ಲಿ ನೂರಕ್ಕೆ 60ರಂತೆ 36 ಮಂದಿಯನ್ನು ಹಿಡಿಯಿತು, 24 ಮಂದಿ ತಪ್ಪಿಸಿಕೊಂಡರು. ಫ್ಲೂ ಇಲ್ಲದ 40ರಲ್ಲಿ 39 ಮಂದಿಗೆ ಸರಿಯಾಗಿಯೇ ನೆಗೆಟಿವ್ ಬಂತು. ಒಟ್ಟು ನೆಗೆಟಿವ್ 63, ಅದರಲ್ಲಿ ಫ್ಲೂ ಇರುವವರು 24. ಅಂದರೆ ಐವರಲ್ಲಿ ಇಬ್ಬರಿಗೆ ಹತ್ತಿರ.

ಅಷ್ಟು ಅನುಮಾನ ಉಳಿದಿರುವಾಗ ಈ ತಾಯಿಯನ್ನು ಬರಿಗೈಯಲ್ಲಿ ಕಳಿಸುವಂತಿಲ್ಲ. ಸ್ವಾಬನ್ನು ಪಿಸಿಆರ್ ಪರೀಕ್ಷೆಗೆ ಕಳಿಸಿದರು. ಅದು ಹೆಚ್ಚು ನಿಖರ, ಆದರೆ ಉತ್ತರ ಬರುವುದು ಮರುದಿನ. ಆ ಹೊತ್ತಿಗೆ 60 ಗಂಟೆ ದಾಟಿರುತ್ತದೆ. ಆದ್ದರಿಂದ ಉತ್ತರಕ್ಕೆ ಕಾಯದೆ ಔಷಧಿ ಶುರು ಮಾಡುವುದೆಂದು ತೀರ್ಮಾನವಾಯಿತು. ಅಪಾಯ ಹೆಚ್ಚಿರುವವರಲ್ಲಿ ಇದು ಧೈರ್ಯದ ಪ್ರಶ್ನೆಯಲ್ಲ, ಚಿಕಿತ್ಸಾ ಮಾರ್ಗಸೂಚಿಗಳೇ ಹೇಳುವ ಕ್ರಮ. ಪಿಸಿಆರ್ ನೆಗೆಟಿವ್ ಬಂದರೆ ನಿಲ್ಲಿಸಬಹುದು. ನಷ್ಟ ಎರಡು ಮೂರು ಕ್ಯಾಪ್ಸೂಲು. (ಮರುದಿನ ಬಂದ ಉತ್ತರ: ಇನ್‌ಫ್ಲುಯೆಂಜಾ ಎ, ಪಾಸಿಟಿವ್.)

ಎರಡು ದಿನ ಎಂಬ ಮಾತು ಎಲ್ಲಿಂದ ಬಂತು

ಕೊಟ್ಟ ಔಷಧಿ ಒಸೆಲ್ಟಾಮಿವಿರ್. ಅದು ವೈರಸ್ಸನ್ನು ಕೊಲ್ಲುವುದಿಲ್ಲ, ಸೋಂಕು ತಗುಲಿದ ಜೀವಕೋಶದೊಳಗೆ ಹೋಗಿ ಅಲ್ಲಿನ ನಕಲು ಕೆಲಸವನ್ನೂ ತಡೆಯುವುದಿಲ್ಲ. ಅದರ ಕೆಲಸ ಕೋಶದ ಹೊಸ್ತಿಲಲ್ಲಿ. ಫ್ಲೂ ವೈರಸ್ ನಮ್ಮ ಗಂಟಲು, ಶ್ವಾಸನಾಳದ ಕೋಶಗಳಿಗೆ ಅಂಟಿಕೊಳ್ಳುವುದು ಅವುಗಳ ಮೈಮೇಲಿರುವ ಸಯಾಲಿಕ್ ಆಮ್ಲ ಎಂಬ ಸಕ್ಕರೆಯ ತುದಿಗೆ. ಒಳಗೆ ಹೊಸ ವೈರಸ್ಸುಗಳು ತಯಾರಾಗಿ ಹೊರಗೆ ಮೊಳೆತಾಗ, ಅದೇ ಸಕ್ಕರೆಗೆ ಅವೂ ಅಂಟಿಕೊಂಡು ಅಲ್ಲೇ ಸಿಕ್ಕಿಕೊಳ್ಳುತ್ತವೆ. ಬಿಡಿಸಿಕೊಳ್ಳಲು ಅವಕ್ಕೆ ನ್ಯೂರಮಿನಿಡೇಸ್ ಎಂಬ ಕಿಣ್ವ ಬೇಕು. ಅದು ಸಕ್ಕರೆಯ ತುದಿಯನ್ನು ಕತ್ತರಿಸಿ ದಾರಿ ಮಾಡಿಕೊಡುತ್ತದೆ. ಒಸೆಲ್ಟಾಮಿವಿರ್ ಆ ಕತ್ತರಿಯ ಬಾಯಿಗೆ ಸಿಕ್ಕಿಕೊಂಡು ಕೂರುತ್ತದೆ. ಹುಟ್ಟಿದ ವೈರಸ್ಸು ಹುಟ್ಟಿದ ಜಾಗದಲ್ಲೇ ಗಂಟುಗಂಟಾಗಿ ಉಳಿಯುತ್ತದೆ, ಪಕ್ಕದ ಕೋಶಕ್ಕೆ ಹೋಗಲಾರದು.

ಹಾಗಾದರೆ ಇದು ಮುಂದಿನ ಸುತ್ತನ್ನು ತಡೆಯುವ ಔಷಧಿ, ಆಗಿಹೋದ ಸುತ್ತನ್ನು ಅಳಿಸುವುದಲ್ಲ. ವೈರಸ್ಸಿನ ಒಂದು ಸುತ್ತಿಗೆ ಬೇಕಾದದ್ದು ಕೆಲವೇ ಗಂಟೆ. ಎಂಟು ಗಂಟೆ ಎಂದು ಹಿಡಿದರೂ ಒಂದು ಹಗಲು ಒಂದು ರಾತ್ರಿಯಲ್ಲಿ ಮೂರು ಸುತ್ತು. ಒಂದು ಸುತ್ತಿಗೆ ಹತ್ತು ಪಟ್ಟು ಎಂದು ಸುಮ್ಮನೆ ಲೆಕ್ಕಕ್ಕೆ ಇಟ್ಟುಕೊಂಡರೆ, 12ನೇ ಗಂಟೆಯಲ್ಲಿ ತಡೆಯುವುದಕ್ಕೂ 36ನೇ ಗಂಟೆಯಲ್ಲಿ ತಡೆಯುವುದಕ್ಕೂ ಸಾವಿರ ಪಟ್ಟು ಅಂತರ. ದೇಹದಲ್ಲಿ ಏರಿಕೆ ಇಷ್ಟು ನೇರವಾಗಿ ನಡೆಯುವುದಿಲ್ಲ, ಕೋಶಗಳು ಮುಗಿಯುತ್ತವೆ, ರೋಗನಿರೋಧಕ ಶಕ್ತಿ ಎದುರು ನಿಲ್ಲುತ್ತದೆ. ಆದರೂ ಏರಿಕೆಯ ಸ್ವಭಾವ ಇದೇ.

ಆರೋಗ್ಯವಂತ ದೊಡ್ಡವರಲ್ಲಿ ವೈರಸ್ಸಿನ ಪ್ರಮಾಣ ಲಕ್ಷಣ ಶುರುವಾದ ಒಂದೆರಡು ದಿನ, ಹೆಚ್ಚೆಂದರೆ ಮೂರು ದಿನದೊಳಗೆ ತುದಿ ಮುಟ್ಟಿ ಆಮೇಲೆ ತಾನಾಗಿಯೇ ಇಳಿಯುತ್ತದೆ. ಅದರ ನಂತರವೂ ಕಾಡುವ ಮೈಕೈ ನೋವು, ಸುಸ್ತು, ಕೆಮ್ಮು ಬಹುಮಟ್ಟಿಗೆ ಉರಿಯೂತದ್ದು ಮತ್ತು ಸುಲಿದುಹೋದ ಶ್ವಾಸನಾಳದ ಒಳಪದರದ್ದು. ಅದನ್ನು ಕತ್ತರಿಗೆ ಅಡ್ಡ ಕೂರುವ ಔಷಧಿ ಸರಿಮಾಡಲಾರದು. 48 ಗಂಟೆ ಎಂಬ ಅಂಕಿ ಗೋಡೆಯಲ್ಲ, ಇಳಿಜಾರು. ಔಷಧಿಯ ಮೊದಲ ಪ್ರಯೋಗಗಳಲ್ಲಿ ಲಕ್ಷಣ ಶುರುವಾಗಿ ಹೆಚ್ಚೆಂದರೆ ಎರಡು ದಿನದೊಳಗಿನವರನ್ನೇ ಸೇರಿಸಿಕೊಂಡದ್ದರಿಂದ ಆ ಅಂಕಿ ಬರಹಕ್ಕೆ ಬಂತು. 47ನೇ ಗಂಟೆಗೆ ಫಲಿಸಿ 49ನೇ ಗಂಟೆಗೆ ನಿಷ್ಫಲವಾಗುವ ಜಾದೂ ಅದರಲ್ಲಿಲ್ಲ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಜ್ವರ ಬಂದ 12 ಗಂಟೆಯೊಳಗೆ ಶುರು ಮಾಡಿದವರ ಕಾಯಿಲೆ, 48ನೇ ಗಂಟೆಗೆ ಶುರು ಮಾಡಿದವರದಕ್ಕಿಂತ ಸುಮಾರು ಮೂರು ದಿನ ಮೊದಲೇ ಮುಗಿದಿತ್ತು. ಎರಡು ದಿನದ "ಒಳಗೆ" ಎಂದಾಗ ಆ ಒಳಗಿನ ಪ್ರತಿ ಗಂಟೆಗೂ ಬೆಲೆಯಿದೆ.

ತಾಯಿಗೆ ಯಾಕೆ, ಮಗನಿಗೆ ಯಾಕಿಲ್ಲ

ಮಗ ಭಾನುವಾರ ಸಂಜೆಯಿಂದ ಎಣಿಸಿದರೆ 64ನೇ ಗಂಟೆಯಲ್ಲಿದ್ದ. ಜ್ವರ ಆಗಲೇ 37.8ಕ್ಕೆ ಇಳಿದಿತ್ತು, ಉಸಿರು ಸಲೀಸು. ಅವನ ಪ್ರಶ್ನೆ ನ್ಯಾಯವಾದದ್ದೇ: "ಅಮ್ಮನಿಗೆ ಕೊಡೋ ಮಾತ್ರೆ ನನಗೂ ಕೊಡಿ ಸಾರ್, ಬೇಗ ಕೆಲಸಕ್ಕೆ ಹೋಗ್ಬೇಕು."

ಆರೋಗ್ಯವಂತ ದೊಡ್ಡವರು ಸಕಾಲದಲ್ಲಿ ತೆಗೆದುಕೊಂಡರೂ ಸಿಗುವ ಲಾಭ ಸಣ್ಣದು. ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿದ 2014ರ ಕಾಕ್ರೇನ್ ವಿಶ್ಲೇಷಣೆಯಲ್ಲಿ ದೊಡ್ಡವರ ಲಕ್ಷಣಗಳು ಕಡಿಮೆಯಾದ ಅವಧಿ ಸರಾಸರಿ 16.8 ಗಂಟೆ. ಏಳು ದಿನದ ಕಾಯಿಲೆ ಆರೂಕಾಲು ದಿನಕ್ಕೆ ಮುಗಿದಂತೆ. ಇಷ್ಟಕ್ಕೆ ವಾಕರಿಕೆ, ವಾಂತಿಯ ಸಾಧ್ಯತೆಯನ್ನು ಕಟ್ಟಿಕೊಳ್ಳಬೇಕು. ಇವನಲ್ಲಿ ವೈರಸ್ಸು ಇಳಿಮುಖವಾಗಿ, ಜ್ವರವೂ ಹೊರಟು ನಿಂತಿತ್ತು. ಮಾತ್ರೆಗೆ ತಡೆಯಲು ಹೆಚ್ಚೇನೂ ಉಳಿದಿರಲಿಲ್ಲ. ಅವನಿಗೆ ನೀರು, ವಿಶ್ರಾಂತಿ, ಬೇಕೆನಿಸಿದರೆ ಪ್ಯಾರಸಿಟಮಾಲ್. ಉಸಿರು ಕಟ್ಟಿದರೆ, ಅಥವಾ ಇಳಿದ ಜ್ವರ ಮತ್ತೆ ಏರಿದರೆ ಮರಳಿ ಬರಬೇಕು. ಅದೇ ಅವನು 14ನೇ ಗಂಟೆಯಲ್ಲಿ ಬಂದಿದ್ದರೆ? ಕೊಡಬಹುದಿತ್ತು, ಕೊಡಲೇಬೇಕೆಂದಿರಲಿಲ್ಲ.

ತಾಯಿಯ ಲೆಕ್ಕವೇ ಬೇರೆ. ಅಲ್ಲಿ ಉಳಿಸಬೇಕಾದದ್ದು ಒಂದು ದಿನದ ಮೈಕೈ ನೋವನ್ನಲ್ಲ. 65 ದಾಟಿದವರು, ಸಕ್ಕರೆ ಕಾಯಿಲೆ, ಹೃದಯ, ಶ್ವಾಸಕೋಶ, ಕಿಡ್ನಿಯ ತೊಂದರೆ ಇರುವವರು, ರೋಗನಿರೋಧಕ ಶಕ್ತಿ ಕುಂದಿದವರು, ಗರ್ಭಿಣಿಯರು, ಹೆರಿಗೆಯಾಗಿ ಎರಡು ವಾರದೊಳಗಿನವರು, ಎರಡು ವರ್ಷದೊಳಗಿನ ಮಕ್ಕಳು: ಫ್ಲೂ ನ್ಯುಮೋನಿಯಾಕ್ಕೆ ತಿರುಗುವುದು, ಹಳೆಯ ಕಾಯಿಲೆ ಕೆರಳುವುದು ಇವರಲ್ಲೇ ಹೆಚ್ಚು. ಹೃದಯದ ವಿಷಯವನ್ನು ಒತ್ತಿ ಹೇಳಬೇಕು. ಫ್ಲೂ ಖಚಿತವಾದ ಮೊದಲ ಏಳು ದಿನಗಳಲ್ಲಿ ಹೃದಯಾಘಾತದ ಸಾಧ್ಯತೆ ಬೇರೆ ದಿನಗಳಿಗಿಂತ ಸುಮಾರು ಆರು ಪಟ್ಟು ಹೆಚ್ಚುವುದನ್ನು 2018ರ ಒಂದು ಅಧ್ಯಯನ ತೋರಿಸಿತ್ತು. ಒಮ್ಮೆ ಆಘಾತ ತಿಂದ ಹೃದಯಕ್ಕೆ ಅದು ಸಣ್ಣ ಮಾತಲ್ಲ. ಇನ್ನೊಂದು ಸಂಗತಿ, ವಯಸ್ಸಾದವರಲ್ಲಿ, ನಿರೋಧಕ ಶಕ್ತಿ ಕುಂದಿದವರಲ್ಲಿ ವೈರಸ್ಸು ಹೆಚ್ಚು ದಿನ ಬೆಳೆಯುತ್ತಿರುತ್ತದೆ. ಹಾಗಾಗಿ ಮಗನಿಗೆ ಮುಚ್ಚಿದ ಬಾಗಿಲು ಅವರಿಗೆ ಇನ್ನೂ ತೆರೆದಿರಬಹುದು.

ಯುರೋಪಿನ 15 ದೇಶಗಳಲ್ಲಿ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗ ಇದಕ್ಕೆ ಪುಷ್ಟಿ ಕೊಡುತ್ತದೆ. ಅಲ್ಲಿ ಎಲ್ಲರ ಸರಾಸರಿ ಲಾಭ ಒಂದು ದಿನ. ವಯಸ್ಸಾದ, ಬೇರೆ ಕಾಯಿಲೆಗಳಿರುವ, ಹೆಚ್ಚು ನರಳುತ್ತಿದ್ದವರಲ್ಲಿ ಅದು ಎರಡರಿಂದ ಮೂರು ದಿನ, 48 ಗಂಟೆ ದಾಟಿ ಬಂದವರಲ್ಲೂ. ಆ ಪ್ರಯೋಗದಲ್ಲಿ ತಾವು ಔಷಧಿ ತೆಗೆದುಕೊಳ್ಳುತ್ತಿದ್ದೇವೆಂದು ರೋಗಿಗಳಿಗೆ ಗೊತ್ತಿತ್ತು ಎಂಬುದನ್ನೂ ನೆನಪಿಡಬೇಕು. ಗೊತ್ತಿದ್ದರೆ ಅರ್ಧ ವಾಸಿ ಅನ್ನಿಸುವುದು ಸಹಜ.

ಆಸ್ಪತ್ರೆ ಸೇರಿದವರ ವಿಷಯದಲ್ಲಿ, 2009ರ ಹೆಚ್1ಎನ್1 ಸಾಂಕ್ರಾಮಿಕದ 29,000ಕ್ಕೂ ಹೆಚ್ಚು ರೋಗಿಗಳ ದಾಖಲೆಗಳನ್ನು ಒಟ್ಟಿಗೆ ನೋಡಿದಾಗ, ಎರಡು ದಿನದೊಳಗೆ ಔಷಧಿ ಸಿಕ್ಕವರಲ್ಲಿ ಸಾವಿನ ಸಂಭವ ತಡವಾಗಿ ಸಿಕ್ಕವರಿಗಿಂತ ಸುಮಾರು ಅರ್ಧದಷ್ಟಿತ್ತು. ಅದು ದಾಖಲೆಗಳ ಹೋಲಿಕೆ, ಚೀಟಿ ಎತ್ತಿ ಹಂಚಿದ ಪ್ರಯೋಗವಲ್ಲ. ಆದರೂ ಇದರ ಬಲದಿಂದಲೇ, ಆಸ್ಪತ್ರೆಗೆ ಸೇರುವಷ್ಟು ಕೆಟ್ಟವರಿಗೆ ನಾಲ್ಕನೇ ಐದನೇ ದಿನವಾಗಿದ್ದರೂ "ತಡವಾಯಿತು" ಎಂದು ಔಷಧಿ ತಪ್ಪಿಸುವುದಿಲ್ಲ.

ಎಲ್ಲರೂ ಒಪ್ಪಿದ ಮಾತು ಇದಲ್ಲ. ಮನೆಯಲ್ಲೇ ಇರುವಷ್ಟು ಹಗುರವಾದ ಫ್ಲೂನಲ್ಲಿ ಒಸೆಲ್ಟಾಮಿವಿರ್ ಆಸ್ಪತ್ರೆ ಸೇರುವುದನ್ನು ತಪ್ಪಿಸುತ್ತದೆ ಎನ್ನಲು ಪುರಾವೆ ದುರ್ಬಲ. ವಿಶ್ವ ಆರೋಗ್ಯ ಸಂಸ್ಥೆಯ 2024ರ ಮಾರ್ಗಸೂಚಿ ಅಂಥವರಲ್ಲಿ ಅಪಾಯ ಹೆಚ್ಚಿರುವವರಿಗೆ ಬಾಲೋಕ್ಸಾವಿರ್ ಸೂಚಿಸಿ, ಒಸೆಲ್ಟಾಮಿವಿರ್ ಅನ್ನು ತೀವ್ರ ಕಾಯಿಲೆಗೆ ಉಳಿಸಿಕೊಂಡಿತು. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಇಬ್ಬಗೆಯವರಿಗೂ ಒಸೆಲ್ಟಾಮಿವಿರ್ ಒಪ್ಪುತ್ತದೆ. ಬಾಲೋಕ್ಸಾವಿರ್ ಕೆಲಸ ಮಾಡುವುದು ಕೋಶದೊಳಗೆ, ವೈರಸ್ಸಿನ ನಕಲು ಕೆಲಸ ಶುರುವಾಗುವ ಹಂತದಲ್ಲಿ. ಒಂದೇ ಡೋಸು ಸಾಕು, ಈ ತಾಯಿಯ ತೂಕಕ್ಕೆ 40 ಮಿಲಿಗ್ರಾಂ. ಹಾಲು, ಮೊಸರು, ಕ್ಯಾಲ್ಸಿಯಂ ಮಾತ್ರೆಯ ಜೊತೆ ನುಂಗಿದರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ಈ ಪ್ರಕರಣದಲ್ಲಿ ಅದು ಆ ಬೆಳಿಗ್ಗೆ ಸಿಗುವಂತಿರಲಿಲ್ಲ, ತರಿಸಲು ಒಂದು ದಿನ ಬೇಕಿತ್ತು. ಕೈಯಲ್ಲಿರುವ ಔಷಧಿಯನ್ನು 38ನೇ ಗಂಟೆಗೆ ಕೊಡುವುದು, ಇನ್ನೂ ಒಳ್ಳೆಯದೆನಿಸಿದ್ದನ್ನು 62ನೇ ಗಂಟೆಗೆ ಕೊಡುವುದಕ್ಕಿಂತ ಮೇಲು ಎಂದು ಕ್ಲಿನಿಕ್ಕು ನಿರ್ಧರಿಸಿತು. ಸರಿಯಾದ ನಿರ್ಧಾರವೇ.

75 ಅಲ್ಲ, 30

ಮೊದಲು ಬರೆದ ಚೀಟಿಯಲ್ಲಿ 75 ಮಿಲಿಗ್ರಾಂ, ದಿನಕ್ಕೆರಡು ಸಲ, ಐದು ದಿನ ಎಂದಿತ್ತು. ದೊಡ್ಡವರ ಮಾಮೂಲಿ ಡೋಸು ಅದೇ, ಕೈ ತಾನಾಗಿ ಬರೆದುಬಿಡುತ್ತದೆ. ಎರಡು ತಿಂಗಳ ಹಿಂದಿನ ರಕ್ತಪರೀಕ್ಷೆಯ ವರದಿಯನ್ನು ಮಗ ತಂದಿದ್ದ. ಕಿಡ್ನಿಯ ಕೆಲಸ ತಿಳಿಯಲು ನೋಡುವ ಕ್ರಿಯಾಟಿನಿನ್ 1.3. ನೋಡಲು ಅಂಥ ಗಾಬರಿಯ ಅಂಕಿಯಲ್ಲ, ಆದರೆ ಸಣ್ಣ ಮೈಕಟ್ಟಿನ ವಯಸ್ಸಾದ ಹೆಣ್ಣುಮಗಳಲ್ಲಿ ಅದು ಮೋಸ ಮಾಡುತ್ತದೆ. ಲೆಕ್ಕ ಹೀಗೆ: 140ರಿಂದ ವಯಸ್ಸು ಕಳೆದು ತೂಕದಿಂದ ಗುಣಿಸಿ, 72 ಮತ್ತು ಕ್ರಿಯಾಟಿನಿನ್‌ಗಳ ಗುಣಲಬ್ಧದಿಂದ ಭಾಗಿಸಬೇಕು. ಹೆಣ್ಣಾದರೆ ಕೊನೆಗೆ 0.85ರಿಂದ ಗುಣಿಸಬೇಕು.

(140 − 68) × 54 ÷ (72 × 1.3) × 0.85 = ಸುಮಾರು 35

ಕಿಡ್ನಿ ನಿಮಿಷಕ್ಕೆ ಶುದ್ಧಿ ಮಾಡುವುದು 35 ಮಿಲಿಲೀಟರ್ ಮಾತ್ರ. ಒಸೆಲ್ಟಾಮಿವಿರ್ ಯಕೃತ್ತಿನಲ್ಲಿ ಸಕ್ರಿಯ ರೂಪಕ್ಕೆ ಬದಲಾಗಿ ಕಿಡ್ನಿಯ ಮೂಲಕ ಹೊರಹೋಗುತ್ತದೆ. ದಾರಿ ಕಿರಿದಾದರೆ ಮೈಯಲ್ಲಿ ಕೂಡಿಕೊಳ್ಳುತ್ತದೆ. 30ರಿಂದ 60ರ ನಡುವೆ ಇರುವವರಿಗೆ ಡೋಸು 30 ಮಿಲಿಗ್ರಾಂ, ದಿನಕ್ಕೆರಡು ಸಲ. 10ರಿಂದ 30ರ ನಡುವೆ ಇದ್ದರೆ ಅದೇ 30, ದಿನಕ್ಕೊಂದು ಸಲ. ಚೀಟಿ ತಿದ್ದಿದರು. ವರದಿಯೇ ಇಲ್ಲದಿದ್ದರೆ? ರಕ್ತ ತೆಗೆದುಕೊಂಡು, ಮೊದಲ ಡೋಸನ್ನು ಕೊಟ್ಟುಬಿಡುವುದು ಮೇಲು. ಡೋಸನ್ನು ಎರಡನೇ ಸಲಕ್ಕೆ ಸರಿಮಾಡಿಕೊಳ್ಳಬಹುದು, ಕಳೆದ ಗಂಟೆಯನ್ನು ತಿದ್ದಲಾಗದು.

ಇದೇ ಕಾರಣಕ್ಕೆ ಜ್ವರಕ್ಕೆಂದು ಐಬುಪ್ರೊಫೆನ್ ಬೇಡ, ಪ್ಯಾರಸಿಟಮಾಲ್ ಮಾತ್ರ ಎಂದು ಚೀಟಿಯಲ್ಲೇ ಬರೆದರು. ಆಂಟಿಬಯೋಟಿಕ್ ಕೊಡಲಿಲ್ಲ. ಬ್ಯಾಕ್ಟೀರಿಯಾದ ಗುರುತೇ ಇರಲಿಲ್ಲ.

ಮೊದಲ ಕ್ಯಾಪ್ಸೂಲನ್ನು ಕ್ಲಿನಿಕ್ಕಿನಲ್ಲೇ, ಎರಡು ಬಿಸ್ಕತ್ತು ತಿನ್ನಿಸಿ 10:40ಕ್ಕೆ ನುಂಗಿಸಿದರು. ಹೊಟ್ಟೆಗೆ ಏನಾದರೂ ಬಿದ್ದಿದ್ದರೆ ವಾಕರಿಕೆ ಕಡಿಮೆ. ರಾತ್ರಿಯ ಡೋಸನ್ನು ಅವರು ಖಾಲಿ ಹೊಟ್ಟೆಯಲ್ಲಿ ನುಂಗಿ ಒಂದು ತಾಸು ಹೊಟ್ಟೆ ತೊಳಸಿಕೊಂಡು ಒದ್ದಾಡಿದರು, ವಾಂತಿಯಾಗಲಿಲ್ಲ. ಮರುದಿನದಿಂದ ಗಂಜಿ ಕುಡಿದು ನುಂಗಿದರು, ತೊಂದರೆ ಬರಲಿಲ್ಲ. ಗುರುವಾರ ಸಂಜೆ ಜ್ವರ 38.2, ಶುಕ್ರವಾರ ಬೆಳಿಗ್ಗೆ 37.6. ಔಷಧಿಯಿಂದಲೇ ಇಳಿಯಿತೋ, ತಾನಾಗಿ ಇಳಿಯುತ್ತಿತ್ತೋ, ಒಬ್ಬರನ್ನು ನೋಡಿ ಹೇಳಲು ಬರುವುದಿಲ್ಲ.

ಶನಿವಾರ "ಸರಿಹೋಯ್ತಲ್ಲ, ಇನ್ಯಾಕೆ ಮಾತ್ರೆ" ಎಂದು ನಿಲ್ಲಿಸಹೊರಟಿದ್ದರು. ಫೋನಿನಲ್ಲಿ ತಡೆದರು, ಹತ್ತನೇ ಕ್ಯಾಪ್ಸೂಲು ಭಾನುವಾರ ರಾತ್ರಿ ಮುಗಿಯಿತು. ಮನೆಯವರಿಗೆ ಕಾಯಲು ಹೇಳಿದ್ದು ಒಂದೇ ಗುರುತನ್ನು: ಎರಡು ದಿನ ಇಳಿದ ಜ್ವರ ಮತ್ತೆ ಏರಿ, ಕಫ ಹಳದಿ ಅಥವಾ ತುಕ್ಕಿನ ಬಣ್ಣಕ್ಕೆ ತಿರುಗಿ, ಉಸಿರಾಡುವಾಗ ಪಕ್ಕೆ ಚುಚ್ಚಿದರೆ ಅದು ಫ್ಲೂ ಮರುಕಳಿಸಿದ್ದಲ್ಲ. ಸುಲಿದ ಶ್ವಾಸನಾಳದ ಮೇಲೆ ಬ್ಯಾಕ್ಟೀರಿಯಾ ಕೂತ ನ್ಯುಮೋನಿಯಾ ಇರಬಹುದು. ಅದಕ್ಕೆ ಒಸೆಲ್ಟಾಮಿವಿರ್ ಮುಂದುವರಿಸುತ್ತ ಕೂರುವುದು ತಪ್ಪು, ಎದೆಯ ಎಕ್ಸ್‌ರೇ ಮತ್ತು ಆಂಟಿಬಯೋಟಿಕ್ ಬೇಕು. ಎದೆನೋವು ಬಂದರಂತೂ ನೇರ ಆಸ್ಪತ್ರೆಗೆ. ಎರಡೂ ಬರಲಿಲ್ಲ.

ಸೊಸೆಯ ನಾಲ್ಕು ಗಂಟೆ

ಗರ್ಭಿಣಿಯರಲ್ಲಿ ಫ್ಲೂ ಕೆಡಲು ಕಾರಣ ಗೂಢವಲ್ಲ. ಎದೆ ಮತ್ತು ಹೊಟ್ಟೆಯ ನಡುವಿನ ಪರದೆಯಾದ ವಪೆ ಮೇಲೇರಿ ಉಸಿರಿನ ಜಾಗವನ್ನು ಕಿರಿದಾಗಿಸಿರುತ್ತದೆ, ಹೃದಯ ಆಗಲೇ ಇಬ್ಬರಿಗಾಗಿ ದುಡಿಯುತ್ತಿರುತ್ತದೆ, ರೋಗನಿರೋಧಕ ವ್ಯವಸ್ಥೆಯ ನಡೆಯೂ ಬದಲಾಗಿರುತ್ತದೆ. ಬುಧವಾರ ಸೊಸೆಯ ಮುಂದೆ ಎರಡು ದಾರಿ ಇದ್ದವು. ಲಕ್ಷಣವಿಲ್ಲದಿದ್ದರೂ ತಡೆಗೆಂದು 75 ಮಿಲಿಗ್ರಾಂ ದಿನಕ್ಕೊಂದು ಸಲ ಏಳು ದಿನ. ಅಥವಾ ಔಷಧಿಯನ್ನು ಮನೆಯಲ್ಲಿಟ್ಟುಕೊಂಡು, ಮೊದಲ ಲಕ್ಷಣಕ್ಕೆ ಫೋನು ಮಾಡಿ ಪೂರ್ಣ ಚಿಕಿತ್ಸೆ ಶುರು ಮಾಡುವುದು. ಗಂಡನ ಜೊತೆ ಮೂರು ದಿನದಿಂದ ಒಂದೇ ಕೋಣೆಯಲ್ಲಿದ್ದವರಿಗೆ ಸೋಂಕು ಆಗಲೇ ಒಳಹೊಕ್ಕಿರಬಹುದು. ದಿನಕ್ಕೊಂದರ ತಡೆ ಡೋಸು ಅಂಥ ಹೊತ್ತಿನಲ್ಲಿ ಅರೆ ಚಿಕಿತ್ಸೆಯಾಗುತ್ತದೆ, ವೈರಸ್ಸು ಔಷಧಿಗೆ ಒಗ್ಗಿಕೊಳ್ಳಲು ಅವಕಾಶ. ಅವರು ಎರಡನೇ ದಾರಿ ಹಿಡಿದರು. ಬಾಲೋಕ್ಸಾವಿರ್ ಗರ್ಭಿಣಿಯರಿಗೆ ಕೊಡುವುದಿಲ್ಲ. ಒಸೆಲ್ಟಾಮಿವಿರ್ ತೆಗೆದುಕೊಂಡ ಗರ್ಭಿಣಿಯರ ಅಧ್ಯಯನಗಳಲ್ಲಿ ಮಗುವಿನ ಅಂಗವೈಕಲ್ಯ ಹೆಚ್ಚಿದ್ದು ಕಂಡಿಲ್ಲ. ಹಾಗಾಗಿ ಅದೇ ಮೊದಲ ಆಯ್ಕೆ.

ಗುರುವಾರ ನಸುಕಿನ 2ಕ್ಕೆ ಎಚ್ಚರವಾದಾಗ ಗಂಟಲು ಕೆರೆತ, ಬೆನ್ನಲ್ಲಿ ಚಳಿ. ಥರ್ಮಾಮೀಟರಿನಲ್ಲಿ 37.9. ಬೆಳಗಾಗಲಿ ಎಂದು ಕಾದು, 6ಕ್ಕೆ ಫೋನು ಮಾಡಿ ಮೊದಲ 75 ನುಂಗಿದರು. ನಾಲ್ಕನೇ ಗಂಟೆ. ಜ್ವರ ಅದೇ ದಿನ ಮಧ್ಯಾಹ್ನ 38.7ಕ್ಕೆ ಏರಿತು, ಪ್ಯಾರಸಿಟಮಾಲ್ ಕೊಟ್ಟರು. ಗರ್ಭದಲ್ಲಿ ಹೆಚ್ಚು ಜ್ವರವನ್ನು ಹಾಗೇ ಬಿಡುವಂತಿಲ್ಲ. ಔಷಧಿ ಶುರು ಮಾಡಿದ ದಿನವೇ ಜ್ವರ ಏರಿದರೆ ಔಷಧಿ ಸೋತಿತು ಎಂದುಕೊಳ್ಳಬಾರದು. ಆಗಲೇ ಕೋಶದೊಳಗೆ ನಡೆದಿದ್ದ ಸುತ್ತುಗಳ ಬಾಕಿ ಅದು. ಶುಕ್ರವಾರ ರಾತ್ರಿ ಜ್ವರ ಬಿಟ್ಟಿತು. ಮಗುವಿನ ಚಲನೆ ಎಂದಿನಂತೆಯೇ ಇತ್ತು. ಹತ್ತನೇ ಕ್ಯಾಪ್ಸೂಲನ್ನು ಸೋಮವಾರ ಸಂಜೆ ನುಂಗಿದರು. ಅತ್ತೆಯ ಕೆಮ್ಮು ಆಗಲೂ ನಿಂತಿರಲಿಲ್ಲ, ಇನ್ನೊಂದು ವಾರ ಎಳೆಯಿತು.